ಬರವಲ್ದು, ಬಂದಿಲ್ಲ, ಬರಂಗಿಲ್ಲ: ದತ್ತಸಂಚಯ ವೈಫಲ್ಯದ ಪ್ರಕಟಣೆಗಳಲ್ಲಿ ನಿಷೇಧ, ಕರ್ತೃ ಮತ್ತು ಕಾಲ

ಸಾರಾಂಶ

ಗಣಕಸೇವೆಯೊಂದರ ದತ್ತಸಂಚಯ ಕೆಟ್ಟಾಗ ಬಳಕೆದಾರರಿಗೆ ನೀಡುವ ಸ್ಥಿತಿ-ಪ್ರಕಟಣೆಯು ಮೂರು ಒತ್ತಡಗಳ ನಡುವೆ ರೂಪುಗೊಳ್ಳುತ್ತದೆ: ನಿಜ ಹೇಳಬೇಕು, ಬೇಗ ಹೇಳಬೇಕು, ಅರ್ಥವಾಗುವಷ್ಟೇ ಹೇಳಬೇಕು. ಈ ಮೂರೂ ಕನ್ನಡದಲ್ಲಿ ನಿರ್ದಿಷ್ಟ ವ್ಯಾಕರಣ ಆಯ್ಕೆಗಳಾಗಿ ಪರಿಣಮಿಸುತ್ತವೆಂಬುದು ನಮ್ಮ ವಾದ. ಗದಗ ಸೀಮೆಯ ಆಡುಮಾತಿನ ಮೂರು ನಿಷೇಧರೂಪಗಳು, ಗಿಟ್‌ಲ್ಯಾಬ್ ಸಂಸ್ಥೆಯ 2017ರ ಘಟನೆ ಹಾಗೂ ಕರ್ನಾಟಕದ ಕಾವೇರಿ 2.0 ತಂತ್ರಾಂಶದ 2025ರ ಅಡಚಣೆ ಇಲ್ಲಿನ ಆಧಾರಗಳು.

ಕೀಲಿಪದಗಳು: ನಿಷೇಧ, ಕ್ರಿಯಾವಸ್ಥೆ, ಕರ್ತೃಲೋಪ, ಶ್ರುತಪ್ರಮಾಣ, ಉತ್ತರ ಕರ್ನಾಟಕದ ಕನ್ನಡ, ಆಡಳಿತ ಕನ್ನಡ

1. ಪ್ರಶ್ನೆಯ ಸ್ವರೂಪ

ಪಡಿತರ ಅಂಗಡಿ, ಗ್ರಾಮ ಒನ್ ಕೇಂದ್ರ, ಪಹಣಿ ನೀಡುವ ಕಿಟಕಿ, ನೋಂದಣಿ ಕಚೇರಿ, ಇವೆಲ್ಲವುಗಳಲ್ಲಿ ಕೆಲಸ ನಿಂತಾಗ ಕನ್ನಡಿಗರು ಕೇಳುವ ಮಾತು ಒಂದೇ: ‘ಸರ್ವರ್ ಡೌನ್’. ಬರೆಹದಲ್ಲಿ ಇದು ‘ತಾಂತ್ರಿಕ ಕಾರಣಗಳಿಂದ ಸೇವೆ ಲಭ್ಯವಿಲ್ಲ’ ಎಂದಾಗುತ್ತದೆ. ಜಾಲಸಂಪರ್ಕ ಕಡಿದಿದ್ದರೂ, ತಂತ್ರಾಂಶ ಸ್ಥಗಿತವಾಗಿದ್ದರೂ, ದತ್ತಸಂಚಯಕ್ಕೆ ಹೊರೆ ಹೆಚ್ಚಾಗಿದ್ದರೂ, ದತ್ತಾಂಶವೇ ಅಳಿಸಿಹೋಗಿದ್ದರೂ ಈ ವಾಕ್ಯ ಬದಲಾಗದು. ಕಿಟಕಿಯ ಮುಂದೆ ನಿಂತವನಿಗೆ ಮಾತ್ರ ಇವು ನಾಲ್ಕು ಬೇರೆ ಬೇರೆ ಸಂಗತಿಗಳು. ಮೊದಲ ಮೂರರಲ್ಲಿ ಅವನು ಕಾಯಬೇಕು. ನಾಲ್ಕನೆಯದರಲ್ಲಿ ಹಿಂದೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾದೀತು.

ಗಣಕೋದ್ಯಮದಲ್ಲಿ ಇಂಥ ಪ್ರಕಟಣೆಗಳಿಗೆ ನಾಲ್ಕು ಹಂತಗಳ ರೂಢಿಯಿದೆ: ಪರಿಶೀಲಿಸುತ್ತಿದ್ದೇವೆ, ಕಾರಣ ತಿಳಿದಿದೆ, ನಿಗಾ ಇರಿಸಿದ್ದೇವೆ, ಸರಿಯಾಗಿದೆ. ಇವು ಮೇಲ್ನೋಟಕ್ಕೆ ಬರಿಯ ಹೆಸರುಪಟ್ಟಿಗಳಾದರೂ ಮೂಲತಃ ಕ್ರಿಯಾವಸ್ಥೆಯ ಭೇದಗಳು. ಕ್ರಿಯೆ ನಡೆಯುತ್ತಿದೆಯೇ, ಮುಗಿದಿದೆಯೇ, ಮುಗಿದಂತೆ ಕಂಡರೂ ಮರುಕಳಿಸಬಹುದೇ ಎಂಬುದನ್ನು ಅವು ತಿಳಿಸುತ್ತವೆ. ಹಾಗಾಗಿ ಪ್ರಕಟಣೆಯ ಪ್ರಾಮಾಣಿಕತೆಯನ್ನು ಕ್ರಿಯಾಪದದಲ್ಲಿ ಹುಡುಕಬೇಕೆಂಬುದು ನಮ್ಮ ನಿಲುವು.

2. ಮೂರು ನಿಷೇಧಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಆಡುಮಾತು ಈ ಭೇದಗಳನ್ನು ನಿಷೇಧರೂಪದಲ್ಲಿಯೇ ತೋರಿಸಬಲ್ಲದು. ಲಕ್ಷ್ಮೇಶ್ವರವು ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದಾಗಿ ಹೆಸರಿಸುವ ಪುಲಿಗೆರೆ. ಆದರೆ ನಮ್ಮ ಆಸಕ್ತಿ ಇಲ್ಲಿ ಆ ಪ್ರಾಚೀನ ಮನ್ನಣೆಯಲ್ಲಿಲ್ಲ, ಇಂದು ಜೀವಂತವಾಗಿರುವ ಒಂದು ವ್ಯವಸ್ಥೆಯಲ್ಲಿದೆ. ವಿವರಣೆಗಾಗಿ ನಾವೇ ರಚಿಸಿದ ಮೂರು ವಾಕ್ಯಗಳನ್ನು ನೋಡೋಣ:

(1) ಸರ್ವರ್ ಬಂದಿಲ್ರಿ.
(2) ಸರ್ವರ್ ಬರವಲ್ದ್ರಿ.
(3) ಸರ್ವರ್ ಬರಂಗಿಲ್ರಿ.

ಮೊದಲನೆಯದು ಪೂರ್ಣಾವಸ್ಥೆಯ ನಿಷೇಧ. ಮಾತಿನ ಕ್ಷಣದವರೆಗೆ ಸೇವೆ ಮರಳಿಲ್ಲವೆಂಬುದಷ್ಟೇ ಅದರ ಅರ್ಥ; ಯಾರಾದರೂ ಪ್ರಯತ್ನಿಸುತ್ತಿದ್ದಾರೆಯೇ ಎಂಬುದನ್ನು ಅದು ಹೇಳುವುದಿಲ್ಲ. ಮೂರನೆಯದು ರೂಢಿ ಅಥವಾ ಭವಿಷ್ಯದ ನಿಷೇಧ. ಕೇಳಿದವನು ಮನೆಗೆ ಹೋಗಬಹುದು. ಎರಡನೆಯದು ಇವೆರಡಕ್ಕಿಂತ ಭಿನ್ನವಾದುದು. ಬಯಸು ಎಂಬರ್ಥದ ‘ಒಲ್’ ಧಾತುವಿನ ನಿಷೇಧವಾದ ‘ಒಲ್ಲದು’ ಇಲ್ಲಿ ಸಹಾಯಕ ಕ್ರಿಯಾಪದವಾಗಿದೆ: ಬರಲು + ಒಲ್ಲದು > ಬರಲೊಲ್ಲದು > ಬರವಲ್ದು. ಕೆಲವರ ಬಾಯಲ್ಲಿ ಇದು ‘ಬರವಲ್ತು’ ಎಂದೂ ಕೇಳಿಸುತ್ತದೆ. ‘ಮಳಿ ಬರವಲ್ದು’ ಎನ್ನುವಾಗ ಮಳೆಗೆ ಇಚ್ಛೆಯಿದೆಯೆಂದು ಯಾರೂ ಭಾವಿಸುವುದಿಲ್ಲ. ಧಾತುವಿನ ಇಚ್ಛಾರ್ಥ ಸವೆದು, ‘ಬರಬೇಕಾದದ್ದು, ಎದುರುನೋಡುತ್ತಿರುವುದು, ಆದರೂ ಈಗ ಆಗುತ್ತಿಲ್ಲ’ ಎಂಬ ವ್ಯಾಕರಣಾರ್ಥ ಉಳಿದಿದೆ.

‘ಬರವಲ್ದು’ ಎಂದವನು ಪ್ರಯತ್ನ ಜಾರಿಯಲ್ಲಿದೆ, ಫಲ ದೊರೆತಿಲ್ಲ, ಬಾಗಿಲು ಮುಚ್ಚಿಲ್ಲ ಎಂಬ ಮೂರನ್ನೂ ಒಂದೇ ಪದದಲ್ಲಿ ಹೇಳುತ್ತಾನೆ. ‘ಪರಿಶೀಲಿಸುತ್ತಿದ್ದೇವೆ’ ಎಂಬ ಹಂತದ ಸತ್ಯ ಇದೇ. ಸೇವೆ ಬಂದು ಬಂದು ನಿಲ್ಲುವಾಗ ಬಳಸುವ ‘ಬಂದ್ ಹೋಗಾಕತ್ತೈತಿ’ ಎಂಬುದು ನಿಗಾ ಹಂತಕ್ಕೆ ಸಲ್ಲುತ್ತದೆ. ‘ಬಂದೈತಿ’ ಕೊನೆಯ ಹಂತಕ್ಕೆ. ಶಿಷ್ಟ ಬರೆಹದ ‘ಲಭ್ಯವಿಲ್ಲ’ ಎಂಬುದು ಅಸ್ತಿತ್ವದ ನಿಷೇಧವಾದ್ದರಿಂದ ಈ ಯಾವ ಭೇದವನ್ನೂ ಉಳಿಸದು. ಅದರಲ್ಲಿ ಕ್ರಿಯೆಯೇ ಇಲ್ಲ, ಆದ್ದರಿಂದ ಕ್ರಿಯಾವಸ್ಥೆಯೂ ಇಲ್ಲ.

ಇದೇ ಮಾತಿನಲ್ಲಿ ಇನ್ನೊಂದು ಗುರುತೂ ಇದೆ. ಕಿಟಕಿಯ ಸಿಬ್ಬಂದಿ ‘ನಾಳಿ ಬರ್ತೈತಂತ್ರಿ’ ಎನ್ನುತ್ತಾರೆ. ಈ ‘ಅಂತ’ ಶ್ರುತಪ್ರಮಾಣದ ಪ್ರತ್ಯಯ; ಶಿಷ್ಟ ಕನ್ನಡದ ‘ಅಂತೆ’. ತನಗೆ ನೇರವಾಗಿ ತಿಳಿದಿಲ್ಲ, ಬೇರೆಯವರಿಂದ ಕೇಳಿದ್ದೇನೆ ಎಂದು ಮಾತುಗಾರ ತನ್ನ ಹೊಣೆಯ ಎಲ್ಲೆಯನ್ನು ಪ್ರಾಮಾಣಿಕವಾಗಿ ಗುರುತಿಸುತ್ತಾನೆ. ಅಧಿಕೃತ ಪ್ರಕಟಣೆ ಇಲ್ಲದಿದ್ದಾಗ ಪ್ರತಿ ಬಾಯಿಯೂ ಒಂದೊಂದು ‘ಅಂತ’ವನ್ನು ಸೇರಿಸುತ್ತ ಹೋಗುತ್ತದೆ. ಮೂಲ ಹೇಳಿಕೆ ಯಾರದೆಂಬುದೇ ಕೊನೆಗೆ ತಿಳಿಯದು. ಸಕಾಲದಲ್ಲಿ ಹೊರಟ ಪ್ರಕಟಣೆಯ ಕೆಲಸವೆಂದರೆ ಈ ಸರಪಳಿಗೆ ‘ಅಂತ’ ಇಲ್ಲದ ಒಂದು ಮೊದಲ ಕೊಂಡಿಯನ್ನು ಒದಗಿಸುವುದು.

3. ಕರ್ತೃ ಎಲ್ಲಿ ಕಾಣಿಸಿಕೊಳ್ಳುತ್ತಾನೆ

ಕರ್ತೃವಿನ ಪ್ರಶ್ನೆಗೆ ಚೆನ್ನಾಗಿ ದಾಖಲಾದ ಉದಾಹರಣೆ ಗಿಟ್‌ಲ್ಯಾಬ್ ಸಂಸ್ಥೆಯದು. 2017ರ ಜನವರಿ 31ರಂದು ಆ ಸೇವೆಯ ದತ್ತಸಂಚಯಕ್ಕೆ ಹೊರೆ ಹೆಚ್ಚಿ, ಮುಖ್ಯ ಯಂತ್ರ ಮತ್ತು ಅದರ ಪ್ರತಿಯಂತ್ರದ ನಡುವಿನ ನಕಲು ಕಾರ್ಯ ಹಿಂದೆ ಬಿದ್ದಿತು. ಪ್ರತಿಯಂತ್ರದ ಕಡತಗಳನ್ನು ಅಳಿಸಿ ಮತ್ತೆ ನಕಲು ಆರಂಭಿಸಲು ಹೊರಟ ಅಭಿಯಂತರರೊಬ್ಬರು, ಪ್ರತಿಯಂತ್ರವೆಂದು ಭಾವಿಸಿ ಮುಖ್ಯ ಯಂತ್ರದಲ್ಲಿಯೇ ಅಳಿಸುವ ಆದೇಶ ನೀಡಿದರು. ಒಂದೆರಡು ಸೆಕೆಂಡುಗಳಲ್ಲಿ ತಡೆದರೂ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದದ್ದು 4.5 ಮಾತ್ರ. ನಿತ್ಯದ ಸಂಗ್ರಹಪ್ರತಿಗಳು ತಂತ್ರಾಂಶದ ಆವೃತ್ತಿ ಹೊಂದದ ಕಾರಣ ವಿಫಲವಾಗುತ್ತಿದ್ದವು. ಅದನ್ನು ಎಚ್ಚರಿಸಬೇಕಿದ್ದ ಮಿಂಚಂಚೆಗಳು ತಲುಪುತ್ತಿರಲಿಲ್ಲ. ಅಳಿಸುವುದಕ್ಕೆ ಸುಮಾರು ಆರು ಗಂಟೆ ಮೊದಲು ಬೇರೊಂದು ಉದ್ದೇಶಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು.

ಆ ಸಂಸ್ಥೆ ಹೊರಡಿಸಿದ ಪ್ರಕಟಣೆಗಳ ವಾಕ್ಯರಚನೆ ಹಂತ ಹಂತವಾಗಿ ಬದಲಾಯಿತು. ಆರಂಭದಲ್ಲಿ ತುರ್ತು ದತ್ತಸಂಚಯ ನಿರ್ವಹಣೆ ನಡೆದಿದೆ ಎಂಬರ್ಥದ ಮಾತಿತ್ತು. ಬಳಿಕ ದತ್ತಸಂಚಯದಲ್ಲಿ ತೊಂದರೆ ಎದುರಾಗಿದೆ ಎಂಬ ಮಾತು ಬಂತು. ಅನಂತರ, ನಾವು ಆಕಸ್ಮಿಕವಾಗಿ ದತ್ತಾಂಶವನ್ನು ಅಳಿಸಿದ್ದೇವೆ, ಸಂಗ್ರಹಪ್ರತಿಯಿಂದ ಮರಳಿ ತುಂಬಬೇಕಾಗಬಹುದು ಎಂಬ ಹೇಳಿಕೆಯೊಡನೆ ದುರಸ್ತಿಯ ಟಿಪ್ಪಣಿಗಳನ್ನೇ ಎಲ್ಲರಿಗೂ ತೆರೆದಿಟ್ಟರು. ‘ನಿರ್ವಹಣೆ’ ಎಂಬ ಪದ ಘಟನೆಯನ್ನು ಉದ್ದೇಶಪೂರ್ವಕ ಕೆಲಸದಂತೆ ತೋರಿಸುತ್ತದೆ. ‘ತೊಂದರೆ ಎದುರಾಗಿದೆ’ ಎಂಬುದರಲ್ಲಿ ಸಂಸ್ಥೆ ಕರ್ತೃವಲ್ಲ, ಅನುಭವಿಸುವವನು. ಮೂರನೆಯದರಲ್ಲಿ ಮಾತ್ರ ಕರ್ತೃ, ಕ್ರಿಯೆ, ಕರ್ಮ ಮೂರೂ ತಮ್ಮ ಸ್ಥಾನದಲ್ಲಿವೆ.

ಇದನ್ನು ಕನ್ನಡದಲ್ಲಿ ಹೇಳಲು ನಮಗೆ ನಾಲ್ಕು ದಾರಿಗಳಿವೆ:

(4) ದತ್ತಾಂಶ ಅಳಿಸಿಹೋಗಿದೆ.
(5) ದತ್ತಾಂಶವನ್ನು ಅಳಿಸಲಾಗಿದೆ.
(6) ದತ್ತಾಂಶವನ್ನು ಅಳಿಸಿದ್ದೇವೆ.
(7) ನಮ್ಮಿಂದ ದತ್ತಾಂಶ ಅಳಿಸಿಹೋಗಿದೆ.

(4)ರ ‘ಹೋಗು’ ನಷ್ಟವನ್ನೂ ಅದು ಕೈಮೀರಿದುದೆಂಬುದನ್ನೂ ಸೂಚಿಸುತ್ತದೆ. ಆದರೆ ಮಳೆಗೆ ಗೋಡೆಯ ಬರೆಹ ಅಳಿಸಿಹೋದಂತೆ, ಮಾಡಿದವರೇ ಇಲ್ಲ. (5)ರ ಕರ್ಮಣಿರೂಪ ಆಡಳಿತ ಕನ್ನಡದ ಸಹಜ ಆಯ್ಕೆ. ಅದು ಕರ್ತೃವನ್ನು ಮರೆಸುವುದಲ್ಲದೆ ಮತ್ತೊಂದು ಅಪಾಯವನ್ನೂ ತರುತ್ತದೆ: ‘ಹೆಸರನ್ನು ಪಟ್ಟಿಯಿಂದ ಅಳಿಸಲಾಗಿದೆ’ ಎಂಬಂಥ ಆದೇಶಗಳನ್ನು ಓದಿ ಅಭ್ಯಾಸವಾದವರಿಗೆ ಇದು ತೀರ್ಮಾನಿಸಿ ಮಾಡಿದ ಕೆಲಸದಂತೆ ಕೇಳಿಸುತ್ತದೆ. (6)ರಲ್ಲಿ ಕರ್ತೃ ಸ್ಪಷ್ಟ, ಆದರೆ ‘ಕೈತಪ್ಪಿ’ ಎಂಬ ವಿಶೇಷಣವಿಲ್ಲದೆ ಉದ್ದೇಶವೂ ಇದ್ದಂತೆ ತೋರುತ್ತದೆ. (7) ಗಮನಾರ್ಹವಾದುದು. ತೃತೀಯಾ ವಿಭಕ್ತಿಯ ‘ನಮ್ಮಿಂದ’ ಮತ್ತು ಅನೈಚ್ಛಿಕ ‘ಹೋಗು’ ಒಟ್ಟಿಗೆ ಬಂದಾಗ ಹೊಣೆಯನ್ನು ಒಪ್ಪಿಕೊಂಡಂತೆಯೂ ಉದ್ದೇಶವಿರಲಿಲ್ಲವೆಂದು ಹೇಳಿದಂತೆಯೂ ಆಗುತ್ತದೆ. ‘ನಮ್ಮಿಂದ ತಪ್ಪಾಗಿದೆ’ ಎಂಬ ನಿತ್ಯದ ಮಾತಿನ ರಚನೆ ಇದೇ. ಬೇರೆ ಭಾಷೆಯ ಕ್ರಿಯಾವಿಶೇಷಣವನ್ನು ಅನುವಾದಿಸಿ ತರುವ ಅಗತ್ಯವಿಲ್ಲ. ವಿಭಕ್ತಿಯೇ ಆ ಕೆಲಸ ಮಾಡುತ್ತದೆ. ಮಾಡಿದ ವ್ಯಕ್ತಿಯ ಹೆಸರನ್ನು ಹೇಳದೆ ಸಂಸ್ಥೆಯೇ ಹೊಣೆ ಹೊರಲು ಬಹುವಚನದ ‘ನಮ್ಮಿಂದ’ ಸಾಕಾಗುತ್ತದೆ.

4. ಎರಡು ಕಾಲಗಳು

‘ಶೀಘ್ರದಲ್ಲೇ ಸರಿಪಡಿಸಲಾಗುವುದು’ ಎಂಬ ವಾಕ್ಯದಲ್ಲಿ ಕಾಲದ ಹೊರೆಯೆಲ್ಲ ‘ಶೀಘ್ರ’ದ ಮೇಲಿದೆ. ಬರೆಯುವವನಿಗೆ ಸೇವೆ ಮರಳುವ ಹೊತ್ತು ತಿಳಿದಿರುವುದಿಲ್ಲ. ಆದರೆ ಅವನಿಗೆ ತಿಳಿದಿರುವ, ಅವನ ಅಧೀನದಲ್ಲಿರುವ ಇನ್ನೊಂದು ಕಾಲವಿದೆ: ಮುಂದಿನ ಪ್ರಕಟಣೆಯ ಹೊತ್ತು. ‘ಮುಂದಿನ ಮಾಹಿತಿ 12:30ಕ್ಕೆ’ ಎಂಬುದು ಸಾಧಿಸಬಹುದಾದ ವಚನ. 12:30ಕ್ಕೆ ಹೊಸ ಸುದ್ದಿಯಿಲ್ಲದಿದ್ದರೆ ‘ಹೊಸತೇನೂ ಇಲ್ಲ, ಮುಂದಿನ ಮಾಹಿತಿ 1:30ಕ್ಕೆ’ ಎಂದು ಹೇಳಿದರೂ ವಚನ ಉಳಿಯುತ್ತದೆ. ಇವೆರಡು ಕಾಲಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಿದಾಗ ಓದುಗನು ಪ್ರಕಟಣೆಯ ಹೊತ್ತನ್ನು ಸೇವೆ ಮರಳುವ ಹೊತ್ತೆಂದು ತಿಳಿಯುತ್ತಾನೆ. ಆದ್ದರಿಂದ ಅವು ಬೇರೆ ಬೇರೆ ವಾಕ್ಯಗಳಲ್ಲಿರಬೇಕು.

ಕಾಲದ ಇನ್ನೊಂದು ತೊಡಕು ‘ನಿನ್ನೆ’, ‘ಇಂದು’ ಎಂಬ ಸೂಚಕಪದಗಳದು. ಗಿಟ್‌ಲ್ಯಾಬ್ ಘಟನೆಯಲ್ಲಿ ನಷ್ಟವಾದದ್ದು ಜಾಗತಿಕ ಸಮಯದ ಪ್ರಕಾರ ಜನವರಿ 31ರ 17:20ರಿಂದ ಮಧ್ಯರಾತ್ರಿಯವರೆಗೆ ಸೇರಿದ ದತ್ತಾಂಶ. ಭಾರತೀಯ ಕಾಲಮಾನ ಐದೂವರೆ ಗಂಟೆ ಮುಂದಿರುವುದರಿಂದ, ಇಲ್ಲಿನ ಬಳಕೆದಾರನಿಗೆ ಅದು ಜನವರಿ 31ರ ರಾತ್ರಿ 10:50ರಿಂದ ಫೆಬ್ರವರಿ 1ರ ಬೆಳಗಿನ 5:30ರವರೆಗಿನ ಅವಧಿ. ‘ನಿನ್ನೆಯ ದತ್ತಾಂಶ ಕಳೆದಿದೆ’ ಎಂದು ಬರೆದಿದ್ದರೆ, 31ರ ಹಗಲು ಕೆಲಸ ಮಾಡಿದ ಭಾರತೀಯನೊಬ್ಬ ಸುರಕ್ಷಿತವಾಗಿರುವ ತನ್ನ ಕೆಲಸ ಹೋಯಿತೆಂದು ತಿಳಿಯುತ್ತಿದ್ದ. ಫೆಬ್ರವರಿ 1ರ ನಸುಕಿನಲ್ಲಿ ಕೆಲಸ ಮಾಡಿದವನು ತನ್ನದು ಉಳಿಯಿತೆಂದು ನಂಬುತ್ತಿದ್ದ. ನಷ್ಟದ ಅವಧಿಯನ್ನು ಗಡಿಯಾರದ ಎರಡು ಅಂಕಿಗಳಿಂದಲೇ ಹೇಳಬೇಕೆಂಬುದು ಇದರಿಂದ ಸ್ಪಷ್ಟ.

5. ವಿವರದ ಅಳತೆ: ಕಾವೇರಿ 2.0

ಎಷ್ಟು ತಾಂತ್ರಿಕ ವಿವರ ಬೇಕೆಂಬುದಕ್ಕೆ ನಮ್ಮ ಮಾನದಂಡ ಒಂದೇ: ಆ ವಿವರದಿಂದ ಓದುಗನ ಮುಂದಿನ ಹೆಜ್ಜೆ ಬದಲಾಗುವುದೇ? ಕರ್ನಾಟಕದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಂತ್ರಾಂಶ 2023ರಿಂದ ರಾಜ್ಯದ ಉಪನೋಂದಣಿ ಕಚೇರಿಗಳಲ್ಲಿ ಬಳಕೆಗೆ ಬಂದಿತು. 2025ರ ಫೆಬ್ರವರಿ ಆರಂಭದಲ್ಲಿ ಅದು ಅಡಚಣೆಗೆ ಒಳಗಾಗಿ ನೋಂದಣಿಗಳು ಹಲವು ದಿನ ಕುಂಠಿತವಾದವು. ನಕಲಿ ಖಾತೆಗಳ ಮೂಲಕ ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ಅಪಾರ ಸಂಖ್ಯೆಯ ಸ್ವಯಂಚಾಲಿತ ಕೋರಿಕೆಗಳನ್ನು ಹರಿಸಿದ್ದೇ ಕಾರಣವೆಂದು ಸರ್ಕಾರ ತಿಳಿಸಿತು. ಪೊಲೀಸರಿಗೆ ದೂರು ಸಲ್ಲಿಕೆಯಾಯಿತು.

ಇಂಥ ಹೊರೆಯಲ್ಲಿ ನಡೆಯುವುದನ್ನು ಸರಳವಾಗಿ ಹೀಗೆ ವಿವರಿಸಬಹುದು. ದತ್ತಸಂಚಯ ಏಕಕಾಲಕ್ಕೆ ಮಿತ ಸಂಖ್ಯೆಯ ಕೋರಿಕೆಗಳಿಗೆ ಮಾತ್ರ ಉತ್ತರಿಸಬಲ್ಲದು. ಹುಡುಕಾಟದ ಪ್ರತಿ ಕೋರಿಕೆಯೂ ಉತ್ತರ ಸಿಗುವವರೆಗೆ ಒಂದು ಸ್ಥಾನವನ್ನು ಹಿಡಿದುಕೊಂಡಿರುತ್ತದೆ. ಸ್ಥಾನಗಳೆಲ್ಲ ತುಂಬಿದಾಗ ಅದೇ ದತ್ತಸಂಚಯವನ್ನು ಅವಲಂಬಿಸಿದ ಇತರ ಕೆಲಸಗಳೂ ಸಾಲಿನಲ್ಲಿ ನಿಲ್ಲುತ್ತವೆ, ಕೆಲವು ದಾಟುತ್ತವೆ, ಹಲವು ಸಮಯ ಮೀರಿ ಬೀಳುತ್ತವೆ. ದತ್ತಾಂಶ ಎಲ್ಲಿಯೂ ಹೋಗಿರುವುದಿಲ್ಲ. ಗಿಟ್‌ಲ್ಯಾಬ್‌ನಲ್ಲಿ ಆದದ್ದು ‘ಹೋತು’. ಇಲ್ಲಿ ಆಗುವುದು ‘ಸಿಗವಲ್ದು’. ಎರಡಕ್ಕೂ ‘ಲಭ್ಯವಿಲ್ಲ’ ಎಂದರೆ ಈ ಮೂಲಭೂತ ಭೇದವೇ ಅಳಿಯುತ್ತದೆ.

ಋಣಭಾರ ಪ್ರಮಾಣಪತ್ರದ ವಿಷಯದಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ಆಸ್ತಿಯ ಮೇಲೆ ವ್ಯವಹಾರಗಳು ದಾಖಲಾಗಿದ್ದರೆ ಪ್ರಮಾಣಪತ್ರವನ್ನು ನಮೂನೆ 15ರಲ್ಲಿಯೂ, ಇಲ್ಲದಿದ್ದರೆ ನಮೂನೆ 16ರಲ್ಲಿಯೂ ಕೊಡುತ್ತಾರೆ. ಅಂದರೆ ಈ ಕ್ಷೇತ್ರದಲ್ಲಿ ‘ಇಲ್ಲ’ ಎಂಬುದೇ ಒಂದು ಉತ್ತರ, ಬೆಲೆಯುಳ್ಳ ಉತ್ತರ. ದತ್ತಸಂಚಯ ಉತ್ತರಿಸದ ಹೊತ್ತಿನಲ್ಲಿ ತೆರೆಯ ಮೇಲೆ ‘ದಾಖಲೆ ಲಭ್ಯವಿಲ್ಲ’ ಎಂದು ಮೂಡಿದರೆ, ಜಮೀನು ಕೊಳ್ಳಲು ಹೊರಟವನು ಅದನ್ನು ‘ಸಾಲ-ಸೋಲ ಏನೂ ಇಲ್ಲ’ ಎಂದು ಓದಲು ಅವಕಾಶವಿದೆ. ವಸ್ತುವಿನ ಅಭಾವಕ್ಕೂ ಉತ್ತರದ ಅಭಾವಕ್ಕೂ ಒಂದೇ ‘ಇಲ್ಲ’ ಸಲ್ಲದು. ‘ಹುಡುಕಾಟ ಪೂರ್ಣವಾಗಿಲ್ಲ, ದಾಖಲೆ ಇದೆಯೋ ಇಲ್ಲವೋ ಈಗ ಹೇಳಲಾಗದು’ ಎಂಬ ಎರಡು ವಾಕ್ಯಗಳು ಈ ಸಂದಿಗ್ಧವನ್ನು ನೀಗಿಸುತ್ತವೆ.

ನೋಂದಣಿಗೆ ಬಂದವನ ಪ್ರಶ್ನೆಗಳು ಬೇರೆ. ಶಿರಹಟ್ಟಿ ಅಥವಾ ಮುಂಡರಗಿ ತಾಲ್ಲೂಕಿನ ಹಳ್ಳಿಯಿಂದ ಸಾಕ್ಷಿಗಳನ್ನು ಕರೆದುಕೊಂಡು, ಶುಲ್ಕ ತುಂಬಿ, ಗೊತ್ತುಪಡಿಸಿದ ಹೊತ್ತಿಗೆ ಬಂದವನಿಗೆ ತಿಳಿಯಬೇಕಾದದ್ದು ಮೂರು: ತುಂಬಿದ ಹಣ ಉಳಿಯುವುದೇ, ಹೊತ್ತು ಮತ್ತೆ ಗೊತ್ತುಪಡಿಸಬೇಕೇ, ಅವಧಿ ಮೀರುವುದೇ. ಕೊನೆಯದು ಚಿಕ್ಕ ಪ್ರಶ್ನೆಯಲ್ಲ. 1908ರ ನೋಂದಣಿ ಕಾಯ್ದೆಯ 23ನೆಯ ಕಲಮಿನ ಪ್ರಕಾರ ದಸ್ತಾವೇಜನ್ನು ಬರೆದುಕೊಟ್ಟ ದಿನದಿಂದ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಆ ಅವಧಿಯ ಕೊನೆಯ ವಾರದಲ್ಲಿರುವವನಿಗೆ ಕೋರಿಕೆಗಳ ಸಂಖ್ಯೆಯಾಗಲಿ ಯಂತ್ರದ ಹೆಸರಾಗಲಿ ನಿರುಪಯುಕ್ತ; ‘ಹೊರೆಯಿಂದ ನಿಧಾನವಾಗಿದೆ, ದತ್ತಾಂಶಕ್ಕೆ ಧಕ್ಕೆಯಿಲ್ಲ’ ಎಂಬ ತಾಂತ್ರಿಕ ವಿವರ ಮಾತ್ರ ಉಪಯುಕ್ತ, ಅದೂ ಪರಿಶೀಲಿಸಿ ತಿಳಿದಿದ್ದರೆ.

6. ಒಂದು ಮಾದರಿ ಸರಣಿ

ಮೇಲಿನ ಮೂರು ತತ್ತ್ವಗಳನ್ನು ಸೇರಿಸಿ, ಹೊರೆಯಿಂದಾದ ಅಡಚಣೆಯೊಂದಕ್ಕೆ ನಾವು ರಚಿಸಿದ ಕಲ್ಪಿತ ಪ್ರಕಟಣೆಗಳು ಇವು:

ಬೆಳಗ್ಗೆ 10:40. ಸರ್ವರ್ ನಿಧಾನವಾಗಿದೆ, ಹೆಚ್ಚಿನ ಕೋರಿಕೆಗಳು ಪೂರ್ಣವಾಗುತ್ತಿಲ್ಲ. ಕಾರಣ ಹುಡುಕುತ್ತಿದ್ದೇವೆ, ಇನ್ನೂ ತಿಳಿದಿಲ್ಲ. ಮುಂದಿನ ಮಾಹಿತಿ 11:30ಕ್ಕೆ.

ಬೆಳಗ್ಗೆ 11:30. ದತ್ತಸಂಚಯದ ಮೇಲೆ ಹುಡುಕಾಟದ ಹೊರೆ ವಿಪರೀತವಾಗಿದೆ. ಹುಡುಕಾಟವನ್ನು ನಾವು ನಿಲ್ಲಿಸಿದ್ದೇವೆ. ನೋಂದಣಿಯಾದ ದಾಖಲೆಗಳಿಗೆ ಧಕ್ಕೆಯಾಗಿಲ್ಲವೆಂದು ಪರಿಶೀಲಿಸಿ ಖಚಿತಪಡಿಸಿಕೊಂಡಿದ್ದೇವೆ. 10:15ರಿಂದ 11:20ರ ನಡುವೆ ತುಂಬಿದ ಶುಲ್ಕಗಳನ್ನು ಇನ್ನೂ ಪರಿಶೀಲಿಸಿಲ್ಲ; ಈಗ ಎರಡನೆಯ ಬಾರಿ ತುಂಬಬೇಡಿ. ಮುಂದಿನ ಮಾಹಿತಿ 12:30ಕ್ಕೆ.

ಮಧ್ಯಾಹ್ನ 12:30. ನೋಂದಣಿ ಆರಂಭವಾಗಿದೆ, ಆದರೆ ಮತ್ತೆ ನಿಲ್ಲಬಹುದು. ದೂರದಿಂದ ಬರುವವರು 2:30ರ ಮಾಹಿತಿಯವರೆಗೆ ಕಾಯುವುದು ಒಳಿತು.

ಮೊದಲ ಪ್ರಕಟಣೆಯ ‘ಪೂರ್ಣವಾಗುತ್ತಿಲ್ಲ... ಹುಡುಕುತ್ತಿದ್ದೇವೆ, ಇನ್ನೂ ತಿಳಿದಿಲ್ಲ’ ಎಂಬ ರಚನೆ ‘ಬರವಲ್ದು’ ಒಂದೇ ಪದದಲ್ಲಿ ಹೇಳುವುದನ್ನು ಶಿಷ್ಟ ಕನ್ನಡದಲ್ಲಿ ಬಿಡಿಸಿ ಹೇಳುತ್ತದೆ. ಕಾರಣ ತಿಳಿಯುವವರೆಗೆ ಅದು ಕಾದಿಲ್ಲ. ಎರಡನೆಯದರಲ್ಲಿ ಸಂಸ್ಥೆ ಮಾಡಿದ್ದಕ್ಕೆ ಕರ್ತೃವಿದೆ: ‘ನಾವು ನಿಲ್ಲಿಸಿದ್ದೇವೆ’. ‘ಪರಿಶೀಲಿಸಿ ಖಚಿತಪಡಿಸಿಕೊಂಡಿದ್ದೇವೆ’ ಮತ್ತು ‘ಇನ್ನೂ ಪರಿಶೀಲಿಸಿಲ್ಲ’ ಎಂಬ ಎರಡು ಕ್ರಿಯಾಪದಗಳು ತಿಳಿದುದರ ಮತ್ತು ತಿಳಿಯದುದರ ಗಡಿಯನ್ನು ಗುರುತಿಸುತ್ತವೆ. ಮೂರನೆಯದು ‘ಬಂದ್ ಹೋಗಾಕತ್ತೈತಿ’ ಎಂಬ ಸ್ಥಿತಿಗೆ ‘ಬಂದೈತಿ’ ಎನ್ನುವ ಆತುರವನ್ನು ತಡೆದಿದೆ.

ಕೊನೆಯ ಹಂತಕ್ಕೆ ‘ಪರಿಹಾರವಾಗಿದೆ’ ಎಂಬ ಪದವನ್ನು ನಾವು ಒಪ್ಪುವುದಿಲ್ಲ. ಬೆಳೆಹಾನಿಯ ಪರಿಹಾರಕ್ಕೆ ಅರ್ಜಿ ಹಾಕಿ ಅಭ್ಯಾಸವಾದ ರೈತನಿಗೆ ‘ಪರಿಹಾರ’ವೆಂದರೆ ಮೊದಲು ಹೊಳೆಯುವುದು ಹಣ. ಶುಲ್ಕದ ಪ್ರಶ್ನೆಯೂ ಇರುವ ಪ್ರಕಟಣೆಯಲ್ಲಿ ಈ ದ್ವಂದ್ವಾರ್ಥ ಕೇವಲ ಸೈದ್ಧಾಂತಿಕವಲ್ಲ. ‘ಸರಿಯಾಗಿದೆ’ ಎಂಬುದೇ ಸಾಕು. ಅಂತೆಯೇ ‘ಸರ್ವರ್’ ಎಂಬ ಪದವನ್ನು ಮೊದಲ ವಾಕ್ಯದಲ್ಲಿ ಉಳಿಸಿ, ‘ದತ್ತಸಂಚಯ’ವನ್ನು ಭೇದ ಮುಖ್ಯವಾಗುವ ಎರಡನೆಯ ಪ್ರಕಟಣೆಯಲ್ಲಿ ಮಾತ್ರ ತಂದಿದ್ದೇವೆ.

7. ಮಿತಿಗಳು

‘ಬರವಲ್ದು’ ರೂಪವನ್ನೇ ರಾಜ್ಯಮಟ್ಟದ ಪ್ರಕಟಣೆಯಲ್ಲಿ ಬಳಸಬೇಕೆಂದು ನಾವು ಸೂಚಿಸುತ್ತಿಲ್ಲ. ಮೈಸೂರು ಸೀಮೆಯ ಓದುಗನಿಗೆ ಅದು ಅಪರಿಚಿತ. ಅದರ ಗ್ರಾಂಥಿಕ ರೂಪವಾದ ‘ಬರಲೊಲ್ಲದು’ ಹಠದ ಅರ್ಥವನ್ನು ಇನ್ನೂ ಉಳಿಸಿಕೊಂಡಿದೆ. ನಮ್ಮ ವಾದ ಇಷ್ಟೇ: ಆಡುಮಾತು ಒಂದು ಪದದಲ್ಲಿ ಇರಿಸಿಕೊಂಡ ಭೇದವನ್ನು ಶಿಷ್ಟ ಬರೆಹ ಎರಡು ವಾಕ್ಯಗಳಲ್ಲಿಯಾದರೂ ಉಳಿಸಿಕೊಳ್ಳಬೇಕು.

ಕರ್ತೃವಿನ ವಿಷಯದಲ್ಲಿಯೂ ಒಂದು ಎಚ್ಚರಿಕೆ ಸಲ್ಲುತ್ತದೆ. ಕಾರಣ ಖಚಿತವಾಗುವ ಮೊದಲೇ ‘ನಮ್ಮಿಂದ’ ಎನ್ನುವುದಾಗಲಿ ‘ದಾಳಿಯಿಂದ’ ಎನ್ನುವುದಾಗಲಿ ಸಮಾನವಾಗಿ ಅಪ್ರಾಮಾಣಿಕ. ಆ ಹಂತದಲ್ಲಿ ಕರ್ತೃವಿಲ್ಲದ ‘ನಿಧಾನವಾಗಿದೆ’ ಎಂಬ ವಾಕ್ಯವೇ ನಿಜವಾದ ವಾಕ್ಯ. ಕರ್ತೃಲೋಪವು ದೋಷವಾಗುವುದು ಕರ್ತೃ ತಿಳಿದ ಮೇಲೆಯೂ ಅದು ಮುಂದುವರಿದಾಗ. ಆದ್ದರಿಂದ ಪ್ರಕಟಣೆಯ ಪ್ರಾಮಾಣಿಕತೆಯನ್ನು ಒಂದೇ ವಾಕ್ಯದಿಂದ ಅಳೆಯಲಾಗದು. ಬೆಳಗಿನ ಪ್ರಕಟಣೆಯಿಂದ ಸಂಜೆಯದರವರೆಗೆ ಕ್ರಿಯಾಪದಗಳನ್ನು ಸಾಲಾಗಿ ಇರಿಸಿ, ಬರೆದವನ ತಿಳಿವು ಬದಲಾದಂತೆ ಅವುಗಳ ರೂಪವೂ ಬದಲಾಗಿದೆಯೇ ಎಂದು ನೋಡಬೇಕು.